ಅವರಿಲ್ಲದ ಸಂಜೆಗೆ ಯಾವ ಪ್ರಾರ್ಥನೆ?

“ಸಂಪಾದಕರಿಗೆ ನಮಸ್ಕಾರ. ನಮ್ಮ ಯಜಮಾನರು ಹೋಗಿ ಎರಡು ವರ್ಷ ಆಯ್ತು. ಮಕ್ಕಳು ಬೆಂಗಳೂರಲ್ಲಿ. ರೇಷ್ಮೆ ಸಾಕೋದು ನಿಲ್ಲಿಸಿದ್ದೀನಿ. ಸಂಜೆ ದೀಪ ಹಚ್ಚಿ ಸ್ತೋತ್ರ ಹೇಳೋಕೆ ಕೂತರೆ ಗಂಟಲು ಕಟ್ಟುತ್ತೆ. ಹಿತ್ತಲ ಕನಕಾಂಬರ ದೇವರಿಗೆ ಇಡ್ತೀನಿ, ನಾನು ಮುಡಿಯಲ್ಲ. ನನ್ನಂಥವರಿಗೆ ಒಂದು ಪ್ರಾರ್ಥನೆ ಇದ್ದರೆ ಪ್ರಕಟಿಸಿ.”
— ಓದುಗರೊಬ್ಬರು, ಶಿಡ್ಲಘಟ್ಟ ತಾಲ್ಲೂಕು

ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾಲ್ಕನೇ ಜ್ವರಕ್ಕೆ ಪೊರೆ ಕಳಚಿ ಎದ್ದ ರೇಷ್ಮೆ ಹುಳು ಸೊಪ್ಪು ತಿನ್ನುವಾಗ ಮನೆಯೊಳಗೆ ಮಳೆ ಬಂದ ಹಾಗೆ ಸದ್ದಾಗುತ್ತದೆ. ವರ್ಷಗಟ್ಟಲೆ ಆ ಸದ್ದಿನಲ್ಲಿ ಬದುಕಿದವರಿಗೆ ಖಾಲಿ ಮನೆಯ ಸಂಜೆ ಎಷ್ಟು ಭಾರ ಅಂತ ನಿಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಸ್ತೋತ್ರ ಬೇಡ ಅನ್ನುವುದಿಲ್ಲ. ಬಾಯಿಪಾಠ ಬಂದದ್ದು ಉಸಿರನ್ನು ಒಂದು ಹದಕ್ಕೆ ತರುತ್ತದೆ, ನಿಜ. ಆದರೆ ನಿಮ್ಮ ಗಂಟಲು ಯಾಕೆ ಕಟ್ಟುತ್ತದೆ ನೋಡಿ. ಹೆಣ್ಣುಮಕ್ಕಳಿಗೆ ನಾವು ಕಲಿಸಿದ ಪ್ರಾರ್ಥನೆಗಳಲ್ಲಿ ಎಷ್ಟೊಂದು ಗಂಡನ ಆಯಸ್ಸಿಗಾಗಿಯೇ ಇವೆ! ಆಷಾಢದ ಭೀಮನ ಅಮಾವಾಸ್ಯೆ, ಶ್ರಾವಣದ ಮಂಗಳಗೌರಿ, ಎಲ್ಲದರಲ್ಲೂ ಕೇಳುವುದು ಮುತ್ತೈದೆ ಭಾಗ್ಯವನ್ನೇ. ಇಷ್ಟು ವರ್ಷ ಅದನ್ನೇ ಕೇಳಿ ಅಭ್ಯಾಸವಾದ ಬಾಯಿಗೆ ಈಗ ಏನು ಕೇಳಬೇಕೆಂದೇ ತಿಳಿಯುತ್ತಿಲ್ಲ. ವ್ರತದ ಪುಸ್ತಕಗಳನ್ನು ರಾಶಿ ರಾಶಿ ಅಚ್ಚು ಹಾಕಿದೆವು. ಒಂಟಿ ಹೆಂಗಸಿನ ಸಂಜೆಗೆ ಒಂದು ಪುಟ ಬಿಡಲಿಲ್ಲ. ಈ ತಪ್ಪಿನಲ್ಲಿ ನಮ್ಮಂಥ ಪತ್ರಿಕೆಯವರದ್ದೂ ಪಾಲಿದೆ.

ಮಧುಗಿರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ದೊಡ್ಡಮ್ಮ ಒಬ್ಬರೇ ಇದ್ದರು. ಬತ್ತಿ ಹೊಸೆದು ದೀಪ ಹಚ್ಚಿದ ಮೇಲೆ ದೇವರ ಹತ್ತಿರ ಸುಮ್ನೆ ಮಾತಾಡುತ್ತಿದ್ದರು. “ಇವತ್ತು ಹಸು ಒದೀಲಿಲ್ಲ ಕಣಪ್ಪ, ಹುಣಸೆಹಣ್ಣು ಬಿಡಿಸಿ ಮುಗೀತು.” ಆಮೇಲೆ ದೊಡ್ಡಪ್ಪನ ಹೆಸರು ಹೇಳಿ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂರುತ್ತಿದ್ದರು. ನಾನು ನೋಡಿದ ಪೂರ್ತಿ ಪ್ರಾರ್ಥನೆ ಅಂದರೆ ಅದೇ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮಗೆ ಬರೆದಿದ್ದೇನೆ. ಮನೆದೇವರ ಹೆಸರು ಹಿಡಿದು ಶುರು ಮಾಡಿ:

*ಸ್ವಾಮಿ, ದೀಪ ಹಚ್ಚಿದ್ದೀನಿ. ಮನೇಲಿ ನಾನೊಬ್ಬಳೇ ಇದ್ದೀನಿ.*
*ಈ ಹೊತ್ತಿಗೆ ಅವರು ಸೊಪ್ಪಿನ ಹೊರೆ ಇಳಿಸಿ ಕಾಫಿ ಕೇಳ್ತಿದ್ರು. ಇವತ್ತೂ ಕಿವಿ ಬಾಗಿಲ ಕಡೆಗೇ ಹೋಯ್ತು.*
*ಅವರನ್ನ ವಾಪಸ್ ಕೊಡು ಅಂತ ಕೇಳಲ್ಲ. ಅವರ ಜೊತೆ ಬಾಳಿದ ದಿನಗಳು ಮರೆಯದ ಹಾಗೆ ನೋಡ್ಕೋ.*
*ಪಕ್ಕದ ಮನೆ ಹುಡುಗಿ ಅವರೆಕಾಯಿ ಕೊಟ್ಟು ಹೋದಳು. ನಲ್ಲೀಲಿ ನೀರು ಬಂತು. ಮೊಣಕಾಲು ನಿನ್ನೆಗಿಂತ ಕಮ್ಮಿ ನೋಯ್ತು. ಇಷ್ಟಕ್ಕೆ ಕೈ ಮುಗಿದೆ.*
*ಎರಡು ತುತ್ತು ಸೇರಲಿ, ನಿದ್ದೆ ಬರಲಿ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕೋ ಶಕ್ತಿ ಕೊಡು.*

ನಾಲ್ಕನೇ ಸಾಲು ದಿನಾ ಬದಲಾಗಬೇಕು. ಅವತ್ತು ಕಣ್ಣಾರೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ಅಲ್ಲಿಗೆ ಬರಲಿ. ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿದರೆ ವಾರದೊಳಗೆ ಅದೂ ಬಾಯಿಪಾಠವಾಗುತ್ತದೆ. “ಇನ್ನೊಬ್ಬರ ಕಷ್ಟ ನೋಡಿದರೆ ನನ್ನದೇನೂ ಅಲ್ಲ” ಅನ್ನಬೇಡಿ. ಅದು ನೋವಿನ ಬಾಯಿ ಮುಚ್ಚಿಸುತ್ತದೆ ಅಷ್ಟೇ, ಕೃತಜ್ಞತೆ ಆಗುವುದಿಲ್ಲ. ನೆನೆಯಲು ಏನೂ ಸಿಗದ ದಿನ ಮೊದಲ ಸಾಲು ಹೇಳಿ ಸುಮ್ಮನೆ ಕೂತರೂ ಸಾಕು. ಎರಡನೇ ಸಾಲಿಗೆ ಅಳು ಬಂದರೆ ತಡೆಯಬೇಡಿ, ಅತ್ತು ಮುಗಿಸಿ ಮೂರನೆಯದಕ್ಕೆ ಹೋಗಿ. ಆದರೆ ಊಟ ಸೇರದೆ, ನಿದ್ದೆಯಿಲ್ಲದೆ ಎರಡು ವಾರ ದಾಟಿದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ, ಪ್ರಾರ್ಥನೆ ಒಂದನ್ನೇ ನೆಚ್ಚಿಕೊಂಡು ಕೂರಬೇಡಿ. ಮಕ್ಕಳಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಹಿಡಿಯುವುದಿಲ್ಲ.

ನಿಮ್ಮ ಮಕ್ಕಳಿಗೂ ಒಂದು ಮಾತು. ಹಿಂದೆ ಮುಸ್ಸಂಜೆಗೆ ಜಗಲಿ ಇತ್ತು, ಹೋಗುವವರು ಬರುವವರು ನಿಂತು ಮಾತಾಡಿಸುತ್ತಿದ್ದರು. ಜಗಲಿ ಕಿತ್ತು ಕಬ್ಬಿಣದ ಗೇಟು ಹಾಕಿಸಿದವರು ನಾವೇ. ಅಮ್ಮನಿಗೆ ಫೋನ್ ಮಾಡುವುದು ಪಹಣಿ, ಬ್ಯಾಂಕಿನ ಕೆಲಸ ಇದ್ದಾಗ ಮಾತ್ರ ಆಗಬಾರದು. ಸಂಜೆ ಆರೂವರೆಗೆ ಮಾಡಿ. ಏನು ಅಡುಗೆ ಅಂತ ಕೇಳಿ.

ಇನ್ನು ಕನಕಾಂಬರ. ಇಲ್ಲಿ ನಿಮ್ಮ ಮೇಲೆ ನನಗೆ ಸ್ವಲ್ಪ ಕೋಪವೇ ಇದೆ ಅಮ್ಮಾ. ಹರಪನಹಳ್ಳಿ ಭೀಮವ್ವ ಗಂಡನನ್ನು ಕಳೆದುಕೊಂಡವರು. 19ನೇ ಶತಮಾನದ ಆ ತಾಯಿಯ ಹಾಡುಗಳನ್ನು ಮುತ್ತೈದೆಯರು ಇವತ್ತಿಗೂ ಆರತಿ ತಟ್ಟೆ ಹಿಡಿದು ಹಾಡುತ್ತಾರೆ. ಅವರ ಹಾಡು ಶುಭಕ್ಕೆ ಬೇಕು, ನಿಮ್ಮ ತಲೆಯ ಮೇಲಿನ ಹೂವು ಮಾತ್ರ ಬೇಡ ಅನ್ನುವುದು ಯಾವ ನ್ಯಾಯ? ಗಿಡ ನೆಟ್ಟವರು ನೀವು, ನೀರು ಹಾಕುವವರು ನೀವು. ನಾಳೆ ಸಂಜೆ ದೇವರಿಗೆ ಹೂ ಕಟ್ಟುವಾಗ ಒಂದು ಗೇಣು ಜಾಸ್ತಿ ಕಟ್ಟಿ. ದೇವರಿಗೆ ಮುಡಿಸಿ ಮಿಕ್ಕಿದ್ದನ್ನು ನೀವು ಮುಡಿದುಕೊಂಡು ದೀಪದ ಮುಂದೆ ಕೂತುಕೊಳ್ಳಿ.