ಕಾಣೆಯಾದ ನಾಲ್ಕೂವರೆ ಲಕ್ಷ

ಕುಟುಂಬಗಳ ಹಣಕಾಸಿನ ತಕರಾರುಗಳಿಗೆ ಆಪ್ತಸಲಹೆ ನೀಡುವ ನನ್ನ ಬಳಿಗೆ ಇದೇ ಸ್ವರೂಪದ ದೂರು ಬಂದದ್ದು ಇದು ಮೂರನೆಯ ಬಾರಿ. ಹಣ ವಹಿಸಿಕೊಂಡವರು ಸರಾಸರಿ ಗಳಿಕೆ ಚೆನ್ನಾಗಿದೆ ಎಂದು ಬರೆದುಕೊಟ್ಟಿರುತ್ತಾರೆ, ಹಣ ಕೊಟ್ಟವರ ಕೈಯಲ್ಲಿ ಮಾತ್ರ ಏನೂ ಹೆಚ್ಚಿರುವುದಿಲ್ಲ, ನಡುವಿನ ಅಂತರಕ್ಕೆ ಕಳ್ಳತನವೆಂದೇ ಹೆಸರು ಬೀಳುತ್ತದೆ. ಗುರುತು ಸಿಗದಂತೆ ಊರು, ವೃತ್ತಿಯ ವಿವರ ಮತ್ತು ಮೊತ್ತಗಳನ್ನು ಬದಲಿಸಿದ್ದೇನೆ. ಲೆಕ್ಕದ ಸ್ವರೂಪವನ್ನು ಬದಲಿಸಿಲ್ಲ, ಏಕೆಂದರೆ ಪ್ರಕರಣದ ಗಂಟು ಇರುವುದೇ ಅದರಲ್ಲಿ.

ಈ ಪ್ರಕರಣ ಒಬ್ಬ ಮಾವ ಮತ್ತು ಅವರ ಅಳಿಯನದು. ಮಾವನವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಿರಾಣಿ ಅಂಗಡಿ ನಡೆಸಿ, ಅದನ್ನು ಮಾರಿ ನಿವೃತ್ತರಾದವರು. ಬಂದ ಹಣದಲ್ಲಿ ಹತ್ತು ಲಕ್ಷ ರೂಪಾಯಿಯನ್ನು ಅಳಿಯನ ಕೈಗೆ ಕೊಟ್ಟಿದ್ದರು. ಅಳಿಯ ಅದನ್ನು ತನ್ನ ಡಿಮ್ಯಾಟ್ ಖಾತೆಯಲ್ಲೇ ಸಣ್ಣ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ್ದ. ನಾಲ್ಕು ವರ್ಷಗಳ ನಂತರ ಅವನು ಕೊಟ್ಟ ಒಂದು ಪುಟದ ಪಟ್ಟಿಯಲ್ಲಿ ಹೀಗಿತ್ತು: ಮೊದಲ ವರ್ಷ ಶೇ. 60 ಲಾಭ, ಎರಡನೆಯ ವರ್ಷ ಶೇ. 40 ನಷ್ಟ, ಮೂರನೆಯ ವರ್ಷ ಶೇ. 50 ಲಾಭ, ನಾಲ್ಕನೆಯ ವರ್ಷ ಶೇ. 30 ನಷ್ಟ, ಸರಾಸರಿ ವರ್ಷಕ್ಕೆ ಶೇ. 10. ಮಾವನವರು ಶೇ. 10ರ ಚಕ್ರಬಡ್ಡಿ ಹಾಕಿ ನೋಡಿದರು. ಹದಿನಾಲ್ಕು ಲಕ್ಷದ ಅರವತ್ತನಾಲ್ಕು ಸಾವಿರ ಇರಬೇಕಿತ್ತು. ಖಾತೆಯಲ್ಲಿ ಇದ್ದದ್ದು ಹತ್ತು ಲಕ್ಷದ ಎಂಟು ಸಾವಿರ. ಉಳಿದ ನಾಲ್ಕೂವರೆ ಲಕ್ಷ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಸಿಗದೆ, ಮಗಳು ತವರಿಗೆ ಬರುವುದು ನಿಂತು ಏಳು ತಿಂಗಳಾಗಿತ್ತು.

ಖಾತೆಯ ವಿವರಗಳನ್ನು ತರಿಸಿ ಮೊದಲು ನಾನೇ ನೋಡಿದೆ. ಒಂದು ರೂಪಾಯಿಯೂ ಹೊರಗೆ ಹೋಗಿರಲಿಲ್ಲ. ಪಟ್ಟಿಯ ಅಂಕಿಗಳೂ ನಿಜವಾಗಿದ್ದವು. ಇದನ್ನು ಬಾಯಲ್ಲಿ ಹೇಳಿದಾಗ ಮಾವನವರು ನಂಬಲಿಲ್ಲ. ನಂಬದಿದ್ದುದು ನನಗೆ ತಪ್ಪೆನಿಸಲಿಲ್ಲ. ಅವರ ಗುಣಾಕಾರ ಸರಿಯಿತ್ತು, ಅಳಿಯನ ಸಂಕಲನವೂ ಸರಿಯಿತ್ತು. ಎರಡು ಸರಿಯಾದ ಲೆಕ್ಕಗಳ ನಡುವೆ ಹಣ ಕಾಣೆಯಾದರೆ ಯಾರಿಗಾದರೂ ಅನುಮಾನ ಬರುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ಮನಸ್ಸುಗಳನ್ನು ತಿಳಿಗೊಳಿಸಬೇಕು, ಲೆಕ್ಕವನ್ನು ಆಮೇಲೆ ನೋಡಿಕೊಳ್ಳಬಹುದು ಎಂದು ನನ್ನ ಸಹೋದ್ಯೋಗಿಗಳು ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆರೋಪ ಹುಟ್ಟಿದ್ದು ಒಂದು ಅಂಕಿಯಿಂದ. ಆ ಅಂಕಿಯನ್ನು ಹಾಗೆಯೇ ಬಿಟ್ಟು ಕ್ಷಮೆ ಕೇಳಿಸಿದ್ದರೆ, ಮಾವನವರ ಮನಸ್ಸಿನಲ್ಲಿ ಅಳಿಯ ಕ್ಷಮೆ ಪಡೆದ ಕಳ್ಳನಾಗಿಯೇ ಉಳಿಯುತ್ತಿದ್ದ. ಆದ್ದರಿಂದ ಮೂರನೆಯ ಭೇಟಿಯಲ್ಲಿ ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಶೇಕಡಾವಾರನ್ನು ಬದಿಗಿಟ್ಟು, ಪ್ರತಿ ವರ್ಷದ ಕೊನೆಗೆ ಇದ್ದ ರೂಪಾಯಿಯನ್ನು ಮಾತ್ರ ಬರೆಯಲು ಮಾವನವರಿಗೇ ಹೇಳಿದೆ.

ಅವರು ಅಂಗಡಿಯ ಅಭ್ಯಾಸದಂತೆ ನಿಧಾನವಾಗಿ ಬರೆದರು. ಹತ್ತು ಲಕ್ಷ ಹದಿನಾರು ಲಕ್ಷವಾಯಿತು. ಹದಿನಾರರಲ್ಲಿ ಶೇ. 40 ಎಂದರೆ ಆರು ಲಕ್ಷದ ನಲವತ್ತು ಸಾವಿರ; ಅದು ಹೋಗಿ ಒಂಬತ್ತು ಲಕ್ಷದ ಅರವತ್ತು ಸಾವಿರ ಉಳಿಯಿತು. ಇಲ್ಲಿ ಅವರ ಪೆನ್ನು ನಿಂತಿತು. “ಅರವತ್ತು ಬಂದು ನಲವತ್ತು ಹೋದರೆ ಇಪ್ಪತ್ತು ಉಳಿಯಬೇಕಲ್ವಾ ಮೇಡಂ? ಇದು ಅಸಲಿಗಿಂತ ಕೆಳಗೆ ಬಂತಲ್ಲ” ಎಂದರು. ಮುಂದುವರಿಸಿ ಎಂದೆ. ಮೂರನೆಯ ವರ್ಷ ಹದಿನಾಲ್ಕು ಲಕ್ಷದ ನಲವತ್ತು ಸಾವಿರ, ನಾಲ್ಕನೆಯ ವರ್ಷ ಹತ್ತು ಲಕ್ಷದ ಎಂಟು ಸಾವಿರ. ಖಾತೆಯಲ್ಲಿದ್ದ ಮೊತ್ತ ಅವರ ಕೈಬರಹದಲ್ಲೇ ಬಂದು ನಿಂತಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಆಡಿದ ಮಾತೇ ಈ ಪ್ರಕರಣದ ತಿರುವು. “ನಮ್ಮ ಅಂಗಡೀಲಿ ಹೀಗೆ ಆಗ್ತಿರಲಿಲ್ಲ. ಪ್ರತಿ ದೀಪಾವಳಿಗೆ ಬಂಡವಾಳ ಸರಿ ಮಾಡ್ತಿದ್ವಿ. ಲಾಭ ಬಂದ್ರೆ ಮನೆಗೆ ತಗೊಂಡು ಹೋಗೋದು, ಕಮ್ಮಿ ಬಿದ್ರೆ ಮನೆಯಿಂದ ತಂದು ಹಾಕೋದು. ಹೊಸ ಖಾತೆ ಯಾವಾಗಲೂ ಅಷ್ಟೇ ದುಡ್ಡಿನಿಂದ ಶುರುವಾಗೋದು.”

ಅವರಿಗೆ ಅರಿವಿಲ್ಲದೆಯೇ ಎರಡು ಬಗೆಯ ಸರಾಸರಿಗಳ, ಅಂದರೆ ಮಾಧ್ಯಗಳ, ವ್ಯತ್ಯಾಸವನ್ನು ಅವರು ಹೇಳಿಬಿಟ್ಟಿದ್ದರು. ಪ್ರತಿ ವರ್ಷವೂ ಹತ್ತು ಲಕ್ಷದಿಂದಲೇ ಆರಂಭಿಸಿದ್ದರೆ ಆರು ಲಕ್ಷ ಲಾಭ, ನಾಲ್ಕು ಲಕ್ಷ ನಷ್ಟ, ಐದು ಲಕ್ಷ ಲಾಭ, ಮೂರು ಲಕ್ಷ ನಷ್ಟ. ಒಟ್ಟು ನಾಲ್ಕು ಲಕ್ಷ, ವರ್ಷಕ್ಕೆ ಒಂದು ಲಕ್ಷ, ಅಂದರೆ ನಿಖರವಾಗಿ ಶೇ. 10. ಕೂಡಿಸಿ ಭಾಗಿಸುವ ಸಮಾಂತರ ಮಾಧ್ಯ ಸುಳ್ಳಲ್ಲ. ಬಂಡವಾಳವನ್ನು ವರ್ಷವರ್ಷವೂ ಸರಿಮಾಡಿಕೊಳ್ಳುವವನ ಪ್ರಶ್ನೆಗೆ ಅದು ಸರಿಯಾದ ಉತ್ತರ. ಆದರೆ ಹಣವನ್ನು ಮುಟ್ಟದೆ ಬಿಟ್ಟಾಗ ಈ ವರ್ಷದ ಕೊನೆಯ ಮೊತ್ತವೇ ಮುಂದಿನ ವರ್ಷದ ಅಸಲಾಗುತ್ತದೆ, ವರ್ಷಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ. ಆಗ 1.6, 0.6, 1.5, 0.7 ಇವುಗಳನ್ನು ಗುಣಿಸಿ, ಬಂದ 1.008ರ ನಾಲ್ಕನೆಯ ಮೂಲವನ್ನು ತೆಗೆಯಬೇಕು. ಆ ಗುಣೋತ್ತರ ಮಾಧ್ಯ 1.002, ಅಂದರೆ ವರ್ಷಕ್ಕೆ ಶೇ. 0.2. ಮಾವನವರು ಕೂಡಿಸಿ ಪಡೆದ ದರವನ್ನು ಗುಣಿಸುವ ಲೆಕ್ಕಕ್ಕೆ ಹಾಕಿದ್ದರು. ನಾಲ್ಕೂವರೆ ಲಕ್ಷ ಕಳುವಾಗಿರಲಿಲ್ಲ, ಅದು ಎಂದೂ ಇರಲೇ ಇಲ್ಲ.

“ಮೊದಲು ನಷ್ಟ ಬಂದು ಆಮೇಲೆ ಲಾಭ ಬಂದಿದ್ದರೆ?” ಎಂದು ಅಳಿಯ ಕೇಳಿದ. ಗುಣಾಕಾರದಲ್ಲಿ ಕ್ರಮ ಬದಲಾದರೂ ಗುಣಲಬ್ಧ ಬದಲಾಗದು. ನಡುವೆ ಹಣ ಹಾಕದೆ, ತೆಗೆಯದೆ ಇದ್ದರೆ ಯಾವ ಕ್ರಮದಲ್ಲಿ ಬಂದರೂ ಅದೇ ಹತ್ತು ಲಕ್ಷದ ಎಂಟು ಸಾವಿರ. ತಪ್ಪು ಹೊತ್ತಿನಲ್ಲಿ ಹಾಕಿದೆನೆಂಬ ಅವನ ಕೊರಗಿಗೂ ಆಧಾರವಿರಲಿಲ್ಲ. ಹಣವನ್ನು ತಡೆಹಿಡಿದದ್ದು ಏರಿಳಿತದ ಗಾತ್ರ. ಲಾಭದ ನಂತರ ನಷ್ಟ ಬಂದರೆ ಅದು ದೊಡ್ಡ ಮೊತ್ತದ ಮೇಲೆ ಬೀಳುತ್ತದೆ. ನಷ್ಟದ ನಂತರ ಲಾಭ ಬಂದರೆ ಅದು ಸಣ್ಣ ಮೊತ್ತದ ಮೇಲೆ ಬರುತ್ತದೆ. ಶೇ. 10 ಏರಿ ಶೇ. 10 ಇಳಿದರೆ ನೂರು ರೂಪಾಯಿ ತೊಂಬತ್ತೊಂಬತ್ತಾಗುತ್ತದೆ. ಶೇ. 20 ಏರಿ ಇಳಿದರೆ ತೊಂಬತ್ತಾರು, ಶೇ. 40 ಏರಿ ಇಳಿದರೆ ಎಂಬತ್ತನಾಲ್ಕು. ಏರಿಳಿತ ಎರಡು ಪಟ್ಟಾದಾಗ ಕೊರತೆ ನಾಲ್ಕು ಪಟ್ಟಾಗುತ್ತದೆ, ಆದರೆ ಮೂರರಲ್ಲೂ ಸಮಾಂತರ ಮಾಧ್ಯ ಸೊನ್ನೆಯೇ.

ಇದಕ್ಕೆ ಒಂದು ಅಂದಾಜು ಸೂತ್ರವೂ ಇದೆ. ಪ್ರತಿ ವರ್ಷದ ಗಳಿಕೆ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದರ ವರ್ಗಗಳ ಸರಾಸರಿಯನ್ನು ತೆಗೆದು, ಅದರ ಅರ್ಧವನ್ನು ಸಮಾಂತರ ಮಾಧ್ಯದಿಂದ ಕಳೆದರೆ ಗುಣೋತ್ತರ ಮಾಧ್ಯದ ಹತ್ತಿರಕ್ಕೆ ಬರುತ್ತೇವೆ. ನಮ್ಮ ಪ್ರಕರಣದಲ್ಲಿ ಆ ದೂರಗಳು 0.5, 0.5, 0.4, 0.4. ವರ್ಗಗಳ ಸರಾಸರಿ 0.205, ಅದರ ಅರ್ಧ 0.1025. ಶೇ. 10ರಿಂದ ಶೇ. 10.25 ಕಳೆದರೆ ಸೊನ್ನೆಗಿಂತ ತುಸು ಕೆಳಗೆ. ನಿಜವಾದ ಉತ್ತರ ಸೊನ್ನೆಗಿಂತ ತುಸು ಮೇಲಿತ್ತು. ಏರಿಳಿತ ಇಷ್ಟು ಹೆಚ್ಚಿರುವಾಗ ಅಂದಾಜಿನಲ್ಲಿ ಅಷ್ಟು ವ್ಯತ್ಯಾಸ ಬರುತ್ತದೆ.

ಸಣ್ಣ ಕಂಪನಿಗಳ ಷೇರುಗಳಿಗಷ್ಟೇ ಹೀಗಾಗುತ್ತದೆ ಎಂದುಕೊಳ್ಳುವ ಓದುಗರಿಗಾಗಿ ಸೆನ್ಸೆಕ್ಸ್‌ನ ಮೂರು ವರ್ಷಗಳನ್ನು ಮುಂದಿಡುತ್ತೇನೆ. 2007ರ ಕೊನೆಗೆ ಸೂಚ್ಯಂಕ ಸುಮಾರು 20,287ರಲ್ಲಿತ್ತು. 2008ರಲ್ಲಿ ಅದು ಶೇ. 52.4 ಇಳಿಯಿತು, 2009ರಲ್ಲಿ ಶೇ. 81 ಏರಿತು, 2010ರಲ್ಲಿ ಮತ್ತೆ ಶೇ. 17.4 ಏರಿತು. ಕೂಡಿಸಿ ಮೂರರಿಂದ ಭಾಗಿಸಿದರೆ ವರ್ಷಕ್ಕೆ ಶೇ. 15ಕ್ಕೂ ಹೆಚ್ಚು. ಆದರೆ 2010ರ ಕೊನೆಗೆ ಸೂಚ್ಯಂಕ ನಿಂತದ್ದು ಸುಮಾರು 20,509ರಲ್ಲಿ. ಮೂರೂ ವರ್ಷ ಸೇರಿ ಶೇ. 1.1ರಷ್ಟು ಏರಿಕೆ, ಲಾಭಾಂಶವನ್ನು ಬಿಟ್ಟು. ಒಂದು ವರ್ಷಕ್ಕೂ ಮೀರಿದ ಅವಧಿಗೆ ಮ್ಯೂಚುವಲ್ ಫಂಡ್‌ಗಳು ಸಿಎಜಿಆರ್ ಎಂಬ ಚಕ್ರಬಡ್ಡಿಯ ದರವನ್ನು ತೋರಿಸುವುದು ಇದೇ ಕಾರಣಕ್ಕೆ. ಅದು ಗುಣೋತ್ತರ ಮಾಧ್ಯವೇ. ವರ್ಷವಾರು ಗಳಿಕೆಯ ಪಟ್ಟಿಯನ್ನು ನಾವೇ ಕೂಡಿಸಿ ಭಾಗಿಸಲು ಹೊರಟಾಗ ದಾರಿ ತಪ್ಪುತ್ತೇವೆ.

ನಾನು ಕೊಟ್ಟ ಸಲಹೆಯ ಮೊದಲ ಭಾಗ ಅಳಿಯನಿಗೆ. ಅವನು ಕದ್ದಿರಲಿಲ್ಲ, ಆದರೆ ತಪ್ಪು ಮಾಡಿದ್ದ. ಮುಟ್ಟದೆ ಬಿಟ್ಟ ಹಣದ ಪಟ್ಟಿಯ ಕೆಳಗೆ ಸಮಾಂತರ ಮಾಧ್ಯವನ್ನು ಬರೆದು, ವರ್ಷಾಂತ್ಯದ ಮೊತ್ತವನ್ನು ಬರೆಯದೆ ಬಿಟ್ಟಿದ್ದ. ಇನ್ನು ಮುಂದೆ ರೂಪಾಯಿಯ ಅಂಕಣ ಮೊದಲು ಇರಬೇಕು, ಷೇರುಗಳು ಮಾವನವರ ಹೆಸರಿನ ಡಿಮ್ಯಾಟ್ ಖಾತೆಗೆ ಹೋಗಬೇಕು ಎಂದೆ. ಅವನ ಮೇಲೆ ನಾನು ಕಠಿಣವಾದೆ ಎಂದು ಮಗಳು ಬೇಸರಪಟ್ಟರು. ಇನ್ನೊಬ್ಬರ ನಿವೃತ್ತಿಯ ಹಣವನ್ನು ವಹಿಸಿಕೊಂಡವರು ಯಾವ ಸರಾಸರಿಯನ್ನು ಬರೆಯುತ್ತಿದ್ದೇವೆಂದು ತಿಳಿದಿರಲೇಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಎರಡನೆಯ ಭಾಗಕ್ಕೆ ಮಾವನವರ ದೀಪಾವಳಿಯ ಪದ್ಧತಿಯನ್ನೇ ಬಳಸಿಕೊಂಡೆ. ಅರ್ಧ ಹಣ ಷೇರಿನಲ್ಲಿ, ಅರ್ಧ ಬ್ಯಾಂಕಿನ ಠೇವಣಿಯಲ್ಲಿ ಇರಲಿ, ವರ್ಷಕ್ಕೊಮ್ಮೆ ಎರಡನ್ನೂ ಮತ್ತೆ ಸಮಮಾಡಿ ಎಂದೆ. ಅದೇ ನಾಲ್ಕು ವರ್ಷಗಳಿಗೆ, ಠೇವಣಿಗೆ ಶೇ. 7 ಬಡ್ಡಿ ಎಂದುಕೊಂಡು ಲೆಕ್ಕ ಮಾಡಿ ತೋರಿಸಿದೆ. ಮೊದಲ ವರ್ಷದ ಕೊನೆಗೆ ಷೇರು ಎಂಟು ಲಕ್ಷ, ಠೇವಣಿ ಐದು ಲಕ್ಷದ ಮೂವತ್ತೈದು ಸಾವಿರ. ಸಮಮಾಡುವಾಗ ಒಂದು ಲಕ್ಷದ ಮೂವತ್ತೆರಡೂವರೆ ಸಾವಿರ ಷೇರಿನಿಂದ ಠೇವಣಿಗೆ ಹೋಗುತ್ತದೆ, ಮರುವರ್ಷದ ಕುಸಿತಕ್ಕೆ ಅದು ಸಿಕ್ಕುವುದಿಲ್ಲ. ನಾಲ್ಕು ವರ್ಷಗಳಲ್ಲಿ ಕ್ರಮವಾಗಿ ಶೇ. 33.5 ಲಾಭ, ಶೇ. 16.5 ನಷ್ಟ, ಶೇ. 28.5 ಲಾಭ, ಶೇ. 11.5 ನಷ್ಟ ಆಗುತ್ತದೆ. ಸಮಾಂತರ ಮಾಧ್ಯ ಶೇ. 10ರಿಂದ ಶೇ. 8.5ಕ್ಕೆ ಇಳಿದರೂ ಕೈಯಲ್ಲಿ ಉಳಿಯುವುದು ಹನ್ನೆರಡು ಲಕ್ಷದ ಅರವತ್ತೆಂಟು ಸಾವಿರ.

ಈ ಸಲಹೆಯ ಮಿತಿಯನ್ನೂ ಅಂದೇ ಹೇಳಿದ್ದೇನೆ. ಪೂರ್ತಿ ಹಣ ಠೇವಣಿಯಲ್ಲೇ ಇದ್ದಿದ್ದರೆ ಹದಿಮೂರು ಲಕ್ಷದ ಹನ್ನೊಂದು ಸಾವಿರವಾಗುತ್ತಿತ್ತು. ಆ ನಾಲ್ಕು ವರ್ಷ ಷೇರು ಏನನ್ನೂ ಕೊಡಲಿಲ್ಲ ಎಂಬುದೇ ಅದಕ್ಕೆ ಕಾರಣ. ಷೇರು ಬಿಡದೆ ಏರುತ್ತಲೇ ಹೋಗುವ ವರ್ಷಗಳಲ್ಲಿ ಹೀಗೆ ಸಮಮಾಡುವುದರಿಂದ ಕೊನೆಯ ಮೊತ್ತ ಕಡಿಮೆಯೇ ಆಗುತ್ತದೆ. ಮಾರಿದಾಗ ಬೀಳುವ ತೆರಿಗೆಯೂ ಈ ಲೆಕ್ಕದಲ್ಲಿ ಸೇರಿಲ್ಲ.

ಮಾವನವರು ಎಲ್ಲವನ್ನೂ ಕೇಳಿಸಿಕೊಂಡು, ಅರ್ಧ ಬೇಡ, ಏಳು ಲಕ್ಷ ಠೇವಣಿಗೆ ಇರಲಿ, ಮೂರು ಲಕ್ಷ ಮಾತ್ರ ಷೇರಿನಲ್ಲಿರಲಿ ಎಂದು ತಾವೇ ತೀರ್ಮಾನಿಸಿದರು. ನಾನು ವಾದಿಸಲಿಲ್ಲ. ಹೊರಡುವ ಮುನ್ನ, ತಾವು ಬರೆದಿದ್ದ ಹಾಳೆಯನ್ನು ಮಡಿಸಿ ಅಳಿಯನ ಕೈಗಿತ್ತು, “ಈ ಸಲ ದೀಪಾವಳಿಗೆ ಮಗಳನ್ನ ಕರ್ಕೊಂಡು ಬನ್ನಿ, ಖಾತೆ ಕೂತು ಒಟ್ಟಿಗೆ ಬರೆಯೋಣ” ಎಂದರು.