ವೆಬ್‌ಸೈಟ್ ಬಂತು, ಮೇಲ್ ನಿಂತಿತು

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಹೊಸ ವೆಬ್‌ಸೈಟ್ ಶುರುವಾದ ದಿನದಿಂದ ನಮ್ಮ ಡೊಮೇನ್‌ನ ಇಮೇಲ್‌ಗೆ ಏನೂ ಬರುತ್ತಿಲ್ಲ. ಯಾಕೆ?

ಉತ್ತರ: ವೆಬ್‌ಸೈಟ್ ಮಾಡಿದವರು ನೇಮ್‌ಸರ್ವರ್ ಬದಲಿಸಿರಬೇಕು. ಆಗ ನಿಮ್ಮ MX ದಾಖಲೆ ಹಳೆಯ ಕಡೆಯೇ ಉಳಿದುಬಿಡುತ್ತದೆ.

ನೇಮ್‌ಸರ್ವರ್ ಅಂದರೆ ಡೊಮೇನ್‌ನ ವಿಳಾಸದ ವಹಿ. ಅದರಲ್ಲಿ A ಅನ್ನುವ ಸಾಲು ವೆಬ್‌ಸೈಟ್ ಎಲ್ಲಿದೆ ಎಂದು ಹೇಳುತ್ತದೆ, MX ಸಾಲು ಮೇಲ್ ಎಲ್ಲಿಗೆ ಹೋಗಬೇಕು ಎಂದು. ಹೊಸ ವಹಿಯಲ್ಲಿ A ಬರೆದಿದ್ದಾರೆ, ಸೈಟ್ ತೆರೆಯುತ್ತಿದೆ. MX ಕಡೆ ಯಾರೂ ನೋಡಿಲ್ಲ. ಸಾಮಾನ್ಯವಾಗಿ ಆಗೋದೇ ಇದು!

ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಬರೆದು ನೋಡಿ, ನಿಮ್ಮ ಡೊಮೇನ್ ಹೆಸರು ಹಾಕಿ:

```
nslookup -type=mx example.in
```

ಮೇಲ್ ಕಂಪನಿಯ ಸರ್ವರ್ ಹೆಸರು ಬರಲಿಲ್ಲವೇ? ಅವರು ಕೊಟ್ಟ MX ಸಾಲನ್ನು ಹೊಸ ಕಡೆಯ DNS ಪುಟದಲ್ಲಿ, ಅಂದರೆ ಈ ವಹಿಯನ್ನು ತಿದ್ದುವ ಪುಟದಲ್ಲಿ, ಸೇರಿಸಿ. ಹರಡಲು ಕೆಲವು ಗಂಟೆ ಬೇಕಾಗಬಹುದು. ಆಮೇಲೆ ಬೇರೆ ವಿಳಾಸದಿಂದ ಒಂದು ಮೇಲ್ ಕಳಿಸಿ ನೋಡಿ.

ಹಾಗೇ `v=spf1` ಎಂದು ಶುರುವಾಗುವ ಸಾಲನ್ನೂ ಹಳೆಯ ವಹಿಯಿಂದ ತನ್ನಿ. ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವುದು ಅದೇ. ಹೊಸ ವಹಿಯಲ್ಲಿ ಈಗಾಗಲೇ ಅಂಥದ್ದೊಂದಿದ್ದರೆ ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿ. ಎರಡು ಸಾಲು ಇದ್ದರೆ ಮೇಲ್ ಪಡೆಯುವ ಸರ್ವರ್ ಮಾಡುವ ಪರೀಕ್ಷೆಯೇ ಕೆಡುತ್ತದೆ, ನೀವು ಕಳಿಸಿದ್ದು ಸ್ಪ್ಯಾಮ್‌ಗೆ ಹೋಗಬಹುದು.