ಶೀಟನ್ನು ಮೇಲೆತ್ತೋದು ಯಾವ ಗಾಳಿ?

ಪ್ರಶ್ನೆ: ನಮ್ಮ ಮನೆ ತಾರಸಿ ಮೇಲೆ 12 ಅಡಿ ಉದ್ದ 10 ಅಡಿ ಅಗಲದ ಶೀಟಿನ ಶೆಡ್ಡು ಇತ್ತು. ಮೂರು ಕಡೆ ಮುಚ್ಚಿದೆ, ಒಂದು ಕಡೆ ತೆರೆದಿದೆ. ಮೊನ್ನೆ ಮಳೆಗಾಳಿಗೆ ಶೀಟು ಕಿತ್ತು ಪಕ್ಕದ ರಸ್ತೆಗೆ ಬಿತ್ತು. ಗಾಳಿ ಬೀಸಿದ್ದು ಅಡ್ಡಡ್ಡ, ಶೀಟು ಎದ್ದಿದ್ದು ಮೇಲಕ್ಕೆ, ಇದು ಹೇಗೆ? ಈ ಸಲ ಮೇಲೆ ಸೈಜುಗಲ್ಲು ಹೇರಿದರೆ ಸಾಕಾ?

ಕಲ್ಲು ಸಾಲದು. ಯಾಕೆ ಅಂತ ನಿಮ್ಮ ಶೆಡ್ಡಿನದೇ ಲೆಕ್ಕ ಹಾಕಿ ಹೇಳ್ತೀನಿ. ಇಂಥ ಶೆಡ್ಡುಗಳಿಗೆ ಲೆಕ್ಕ ಹಾಕೋದೇ ನನ್ನ ಕಸುಬು.

ಎಲೆ ಅಲ್ಲಾಡದ ದಿನವೂ ನಿಮ್ಮ ಶೀಟಿನ ಮೇಲೆ ವಾತಾವರಣದ ಒತ್ತಡ ಇದ್ದೇ ಇರುತ್ತೆ. ಬೆಂಗಳೂರಿನ ಎತ್ತರದಲ್ಲಿ ಅದು ಒಂದು ಚದರ ಮೀಟರಿಗೆ ಸುಮಾರು 9 ಟನ್ ಭಾರಕ್ಕೆ ಸಮ. ಆದರೂ ಶೀಟು ಜಜ್ಜಿಹೋಗಲ್ಲ, ಯಾಕಂದ್ರೆ ಕೆಳಗಿನ ಗಾಳಿಯೂ ಅಷ್ಟೇ ಜೋರಾಗಿ ಮೇಲಕ್ಕೆ ಒತ್ತುತ್ತಿರುತ್ತೆ. ಶೀಟಿಗೆ ನಾಟೋದು ಈ ಎರಡರ ವ್ಯತ್ಯಾಸ ಮಾತ್ರ. ಆ ವ್ಯತ್ಯಾಸ ದೊಡ್ಡದಾಗಿರಬೇಕು ಅಂತಲೂ ಇಲ್ಲ. 9 ಟನ್ನಿನಲ್ಲಿ ನೂರಕ್ಕೆ ಅರ್ಧ ಪಾಲು ಏರುಪೇರಾದರೂ ಚದರ ಮೀಟರಿಗೆ 45 ಕೆಜಿ ಆಯ್ತು. ಅರ್ಧ ಮಿಲಿಮೀಟರ್ ದಪ್ಪದ ಶೀಟು ಅಷ್ಟೇ ಜಾಗಕ್ಕೆ ತೂಗೋದು ನಾಲ್ಕೂವರೆ ಕೆಜಿ.

ಈ ವ್ಯತ್ಯಾಸ ಹುಟ್ಟೋದು ಎರಡು ಕಡೆಯಿಂದ. ಅಡ್ಡ ಬೀಸಿದ ಗಾಳಿ ಶೆಡ್ಡಿನ ಗೋಡೆಗೆ ಬಡಿದು ಮೇಲಕ್ಕೆ ಹತ್ತುತ್ತೆ. ಶೀಟಿನ ಅಂಚಿಗೆ ಬಂದಾಗ ಅದಕ್ಕೆ ತಟ್ಟನೆ ತಿರುಗಿ ಶೀಟಿಗೆ ಅಂಟಿಕೊಂಡು ಹೋಗೋಕೆ ಆಗಲ್ಲ, ಅಂಚಿನಿಂದ ಬಿಟ್ಟುಕೊಂಡು ಚಾಪದ ಹಾಗೆ ಮೇಲಿನಿಂದ ದಾಟಿ ಹೋಗುತ್ತೆ. ಆ ಚಾಪಕ್ಕೂ ಶೀಟಿಗೂ ನಡುವೆ ಸುಳಿ ಸುತ್ತುವ ಒಂದು ಜಾಗ ಉಳಿಯುತ್ತೆ, ಅಲ್ಲಿ ಒತ್ತಡ ಕಡಿಮೆ. ಗಾಳಿ ಎದುರಾಗುವ ಅಂಚು ಮತ್ತು ಮೂಲೆಗಳಲ್ಲಿ ಇದು ಅತಿ ಹೆಚ್ಚು, ನಡುಭಾಗದ ಎರಡು ಮೂರು ಪಟ್ಟು ಆಗೋದೂ ಉಂಟು. ಶೀಟು ಸಾಮಾನ್ಯವಾಗಿ ಮೂಲೆಯಿಂದ ಕೀಳೋಕೆ ಶುರುವಾಗೋದು ಇದಕ್ಕೇ.

ಇನ್ನೊಂದು ಕಡೆ ಅಂದ್ರೆ ಒಳಗಿನಿಂದ. ನಿಮ್ಮ ಶೆಡ್ಡಿನ ತೆರೆದ ಬದಿ ಗಾಳಿಗೆ ಎದುರಾಗಿದ್ದರೆ, ನುಗ್ಗಿದ ಗಾಳಿಗೆ ಹೊರಗೆ ಹೋಗೋಕೆ ದಾರಿ ಇಲ್ಲ. ಅಲ್ಲೇ ನಿಂತುಬಿಡುತ್ತೆ, ನಿಂತ ಗಾಳಿಯ ವೇಗ ಒತ್ತಡವಾಗಿ ಬದಲಾಗುತ್ತೆ. ಮೇಲೆ ಕಮ್ಮಿ, ಕೆಳಗೆ ಜಾಸ್ತಿ, ಎರಡೂ ಸೇರಿ ಒಂದೇ ದಿಕ್ಕಿಗೆ ನೂಕುತ್ತವೆ. ಶಾಲೆಯಲ್ಲಿ ಬರ್ನೌಲಿ ಹೆಸರು ಹೇಳಿ, ಕಾಗದದ ಮೇಲೆ ಊದಿಸಿ, 'ಮೇಲೆ ವೇಗ ಹೆಚ್ಚು, ಅದಕ್ಕೆ ಒತ್ತಡ ಕಡಿಮೆ' ಅಂತ ಮುಗಿಸಿಬಿಡ್ತಾರೆ. ನನಗೆ ಆ ವಿವರಣೆ ಸಾಲದು ಅನ್ನಿಸುತ್ತೆ. ಒಳಗಿನ ಒತ್ತಡದ ಮಾತನ್ನೇ ಅದು ಎತ್ತಲ್ಲ, ನಿಮ್ಮಂಥ ಶೆಡ್ಡಿನಲ್ಲಿ ಎತ್ತುವ ಬಲದ ಅರ್ಧದಷ್ಟು ಬರೋದೇ ಅಲ್ಲಿಂದ.

ಈಗ ಲೆಕ್ಕ. ಬೀಸುವ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೆ ಸಿಗುವ ಒತ್ತಡ ಹೀಗೆ:

p = 0.6 × V²

V ಅಂದ್ರೆ ಸೆಕೆಂಡಿಗೆ ಎಷ್ಟು ಮೀಟರ್ ವೇಗ, p ಬರೋದು ಪಾಸ್ಕಲ್‌ನಲ್ಲಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಒಂದು ಜೋರು ಬೀಸು ಗಂಟೆಗೆ 72 ಕಿಮೀ ಅಂತ ಇಟ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 20 ಮೀಟರ್. p ಆಗ 240 ಪಾಸ್ಕಲ್. ಮೇಲೆ ಇದರ ಸುಮಾರು 0.8 ಪಾಲು ಒತ್ತಡ ಕುಸಿಯುತ್ತೆ, ಒಳಗೆ 0.7 ಪಾಲು ಏರುತ್ತೆ. ಕೂಡಿದರೆ ಒಂದೂವರೆ ಪಟ್ಟು, ಅಂದ್ರೆ 360 ಪಾಸ್ಕಲ್, ಚದರ ಮೀಟರಿಗೆ ಸುಮಾರು 37 ಕೆಜಿ. ನಿಮ್ಮ ಮಾಡಿನ ವಿಸ್ತೀರ್ಣ 11 ಚದರ ಮೀಟರಿಗೆ ಸ್ವಲ್ಪ ಜಾಸ್ತಿ. ಎತ್ತುವ ಬಲ 400 ಕೆಜಿ ದಾಟಿತು, ಶೀಟುಗಳ ಒಟ್ಟು ತೂಕ 50 ಕೆಜಿ. ಸ್ಕ್ರೂ ಇಲ್ಲದೆ ಸುಮ್ಮನೆ ಇಟ್ಟಿದ್ದರೆ ಗಂಟೆಗೆ 25 ಕಿಮೀ ಗಾಳಿಗೇ ಶೀಟು ಹಗುರಾಗಿಬಿಡುತ್ತೆ.

ವೇಗಕ್ಕೆ ವರ್ಗ ಇರೋದನ್ನೂ ಗಮನಿಸಿ. ಕಟ್ಟಡಗಳ ಗಾಳಿ ಲೆಕ್ಕಕ್ಕೆ ಇರುವ ಐಎಸ್ 875 ಸಂಹಿತೆಯ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲವೇಗ ಸೆಕೆಂಡಿಗೆ 33 ಮೀಟರ್. ಆ ಗಾಳಿಗೆ ಇದೇ ಶೆಡ್ಡಿನ ಮೇಲೆ ಎತ್ತುವ ಬಲ 1 ಟನ್ ದಾಟುತ್ತೆ.

ಕಲ್ಲಿನ ಮಾತಿಗೆ ಬರೋಣ. 72 ಕಿಮೀ ಗಾಳಿಗೇ ಶೀಟಿನ ತೂಕ ಕಳೆದು 350 ಕೆಜಿ ಬೇಕು. 15 ಕೆಜಿಯ ಕಲ್ಲಾದರೆ ಇಪ್ಪತ್ತಕ್ಕೂ ಹೆಚ್ಚು. ಅಷ್ಟು ಹೇರಿದರೆ ಶೀಟು ತಗ್ಗಿ ನೀರು ನಿಲ್ಲುತ್ತೆ, ತುಕ್ಕು ಹಿಡಿಯುತ್ತೆ. ನಡುವೆ ಇಟ್ಟ ಕಲ್ಲು ಮೂಲೆಯನ್ನು ಹಿಡಿಯೋದೂ ಇಲ್ಲ. ಕೊನೆಗೆ ಮೂಲೆ ಎದ್ದಾಗ ಮೂರನೇ ಮಹಡಿಯಿಂದ ಶೀಟಿನ ಜೊತೆ ಕಲ್ಲೂ ರಸ್ತೆಗೆ ಬರುತ್ತೆ. ಊರಿನ ಅರ್ಧ ತಾರಸಿಗಳ ಮೇಲೆ ಕಲ್ಲು, ಹಳೇ ಟೈರು ಕಾಣ್ತೀರಿ, ಅದನ್ನು ನೋಡಿ ಧೈರ್ಯ ತಗೋಬೇಡಿ.

ಹಿಡಿಯಬೇಕಾದ್ದು ಸ್ಕ್ರೂ, ಅದರ ಕೆಳಗಿನ ಪೈಪು, ಕಂಬ, ಕಂಬದ ಬುಡ, ಈ ಸಾಲಿನಲ್ಲಿ ಎಲ್ಲವೂ. ಹೆಚ್ಚಾಗಿ ಸ್ಕ್ರೂ ತುಂಡಾಗಲ್ಲ. ಶೀಟಿನ ತೂತೇ ಹರಿದು ಸ್ಕ್ರೂ ತಲೆಯ ಮೇಲಿನಿಂದ ಕಳಚಿಕೊಳ್ಳುತ್ತೆ. ಗಾಳಿ ಒಂದೇ ಸಮ ಎಳೆಯಲ್ಲ, ಬೀಸು ಬೀಸಾಗಿ ಎಳೆದು ಬಿಡುತ್ತೆ. ಪ್ರತಿ ಸಲ ತೂತಿನ ಸುತ್ತ ತಗಡು ಬಾಗಿ ವಾಪಸ್ಸಾಗುತ್ತೆ, ಹಾಗೆ ಬಾಗಿ ಬಾಗಿ ಬಿರುಕು ಬಿಡುತ್ತೆ. 1974ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ಟ್ರೇಸಿ ಚಂಡಮಾರುತ ಹಾಳುಮಾಡಿದಾಗ ಮಾಡುಗಳ ತಗಡು ಸೋತಿದ್ದು ಹೀಗೇ ಅಂತ ಆಮೇಲಿನ ತನಿಖೆಗಳಲ್ಲಿ ಕಂಡುಬಂತು. ಆಮೇಲೆ ಅಲ್ಲಿ ಶೀಟುಗಳನ್ನು ಒಮ್ಮೆ ಎಳೆದು ನೋಡೋದರ ಬದಲು ಸಾವಿರಾರು ಸಲ ಎಳೆದು ಬಿಟ್ಟು ಪರೀಕ್ಷೆ ಮಾಡೋಕೆ ಶುರು ಮಾಡಿದರು.

ಹಾಗಾಗಿ ವೆಲ್ಡಿಂಗ್‌ನವರ ಹತ್ತಿರ ಅಂಚು ಮತ್ತು ಮೂಲೆಗಳಲ್ಲಿ ಸ್ಕ್ರೂಗಳನ್ನು ನಡುಭಾಗಕ್ಕಿಂತ ಒತ್ತೊತ್ತಾಗಿ ಹಾಕಿಸಿ, ಅಗಲವಾದ ವಾಷರ್ ಕೊಡಿಸಿ. ಶೀಟು ಅಂಚಿನ ಪೈಪಿನಿಂದ ಆಚೆಗೆ ಚಾಚಿಕೊಂಡಷ್ಟೂ ಗಾಳಿಗೆ ಹಿಡಿಕೆ ಸಿಗುತ್ತೆ, ಅದನ್ನು ಗಿಡ್ಡ ಮಾಡಿಸಿ. ಕಂಬದ ಬುಡದ ಪ್ಲೇಟು ತಾರಸಿ ಮೇಲೆ ಸುಮ್ಮನೆ ಕೂತಿದ್ದರೆ ಮೇಲಿನ ಸ್ಕ್ರೂ ಎಲ್ಲ ದಂಡ. ಆಗ ಶೆಡ್ಡಿಗೆ ಶೆಡ್ಡೇ ಏಳುತ್ತೆ. ಪ್ಲೇಟನ್ನು ಆಂಕರ್ ಬೋಲ್ಟಿನಿಂದ ಕಾಂಕ್ರೀಟಿಗೇ ಬಿಗಿಸಬೇಕು, ಮೇಲಿನ ಗಾರೆಗಲ್ಲ. ಆ ತೂತುಗಳಿಗೆ ನೀರು ಇಳಿಯದ ಹಾಗೆ ಆಗಲೇ ಮುಚ್ಚಿಸಿ.

ಗಾಳಿ ಬರುವ ಕಡೆಯ ತೆರೆದ ಬದಿಯನ್ನು ಮುಚ್ಚೋಕೆ ಆದರೆ ಒಳಗಿನ ಪಾಲು ಬಹಳ ಇಳಿಯುತ್ತೆ. ಮಳೆಗಾಳಿ ಯಾವ ಕಡೆಯಿಂದಲೂ ನುಗ್ಗಬಹುದಾದ್ದರಿಂದ ಸ್ಕ್ರೂ ಲೆಕ್ಕವನ್ನು ಮಾತ್ರ ತೆರೆದಿದೆ ಅಂತಲೇ ಹಾಕಿಸಿ. ಉಳಿದಿರುವ ಹಳೇ ಶೀಟುಗಳನ್ನು ಮತ್ತೆ ಬಳಸೋದಾದರೆ ತೂತುಗಳನ್ನು ಒಂದೊಂದಾಗಿ ನೋಡಿ. ದುಂಡಗಿದ್ದದ್ದು ಉದ್ದವಾಗಿದ್ದರೆ, ಅಥವಾ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ, ಆ ತೂತಿಗೆ ಮತ್ತೆ ಸ್ಕ್ರೂ ಹಾಕಿಸಬೇಡಿ. ಅಂಚಿನ ಶೀಟಾದರೆ ಅದನ್ನು ಗುಜರಿಗೆ ಕೊಟ್ಟು ಹೊಸದು ತನ್ನಿ.